ಹತ್ತಿರದ ದಾರಿ ಯಾರಿಗೆ ಹತ್ತಿರ?

‘ರಾತ್ರಿ ಆಗುತ್ತೆ, ಕ್ಯಾಬ್ ಮಾಡ್ಕೊಂಡು ಬಂದ್ಬಿಡು.’ ನಾಟಕಕ್ಕೆ ಹೊರಟ ಹುಡುಗಿಗೆ ಬೆಂಗಳೂರು ಕೊಡುವ ಬುದ್ಧಿವಾದ ಇಷ್ಟೇ. ಹೇಳಿದವರು ನಿಶ್ಚಿಂತೆಯಿಂದ ಮಲಗುತ್ತಾರೆ. ಬಾಡಿಗೆ ಕೊಡುವುದು, ಚಾಲಕನ ಮುಖ ನೋಡಿ ಅಳೆಯುವುದು, ದಾರಿಯುದ್ದಕ್ಕೂ ಎಚ್ಚರವಾಗಿರುವುದು ಎಲ್ಲವೂ ಅವಳ ಪಾಲಿಗೆ. ಈ ಬುದ್ಧಿವಾದದ ಮೇಲೆ ನನಗೆ ಎರಡು ತಕರಾರುಗಳಿವೆ.

ಮೊದಲನೆಯದು, ಮನೆ ಬಾಗಿಲಿಗೆ ಬರುವ ವಾಹನವೇ ಸುರಕ್ಷಿತ ಎಂಬ ನಂಬಿಕೆ. 2005ರ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕೊಂದವನು, ರಾತ್ರಿ ಪಾಳಿಗೆ ಕರೆದೊಯ್ಯಲು ಮನೆಯ ಬಳಿ ಬಂದ ಚಾಲಕನೇ. ಹಾಗೆಂದು ಕ್ಯಾಬ್ ಹತ್ತಲೇಬೇಡಿ ಎನ್ನುತ್ತಿಲ್ಲ. ಹತ್ತುವ ಮೊದಲು ನಂಬರ್ ಪ್ಲೇಟನ್ನು ಫೋನಿನಲ್ಲಿರುವುದರ ಜೊತೆ ತಾಳೆ ನೋಡಿ. ನಿಮ್ಮ ಹೆಸರನ್ನು ನೀವಾಗಿ ಹೇಳಬೇಡಿ, ‘ಯಾರ ಹೆಸರಿಗೆ ಬುಕ್ ಆಗಿದೆ?’ ಎಂದು ಅವನನ್ನೇ ಕೇಳಿ. ಗಾಡಿ ಬರುವವರೆಗೆ ರಸ್ತೆಯಂಚಿನಲ್ಲಿ ನಿಲ್ಲುವ ಬದಲು ಸಭಾಂಗಣದ ಒಳಗೇ ಇರಿ. ಇವು ಬೇಕು. ಆದರೆ ಮುಚ್ಚಿದ ಬಾಗಿಲಿನ ಒಳಗೆ ನಿಮ್ಮನ್ನು ನೋಡುವವರು ಒಬ್ಬರೂ ಇಲ್ಲ ಎಂಬ ಮಾತು ಇವುಗಳಿಂದ ಬದಲಾಗುವುದಿಲ್ಲ.

ಎರಡನೆಯ ತಕರಾರು ದಾರಿಯದು. ಫೋನಿನ ನಕ್ಷೆ ನಿಮಿಷಗಳನ್ನು ಎಣಿಸುತ್ತದೆ. ದಾರಿಯಲ್ಲಿ ಎಷ್ಟು ಬಾಗಿಲು ತೆರೆದಿವೆ, ಎಷ್ಟು ಜನ ಎಚ್ಚರವಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಒಂದು ಪಯಣವನ್ನೇ ತೆಗೆದುಕೊಳ್ಳಿ. ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ಮುಗಿದಾಗ ಒಂಬತ್ತೂವರೆ. ಹುಡುಗಿಯ ಪಿಜಿ ವಿಜಯನಗರದಲ್ಲಿ. ಕೆ.ಆರ್. ಮಾರುಕಟ್ಟೆಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಚಿಕ್ಕಪೇಟೆ ದಾಟಿ ಮೆಜೆಸ್ಟಿಕ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ನಾಲ್ಕನೆಯ ನಿಲ್ದಾಣವೇ ವಿಜಯನಗರ. ಈ ಭಾಗದ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. ದೀಪವಿದೆ, ಕಾವಲಿನವರಿದ್ದಾರೆ, ಜೊತೆಗೆ ಬೇರೆ ಹೆಂಗಸರೂ ಇರುತ್ತಾರೆ. ಪ್ರಶ್ನೆ ಇರುವುದು ಎರಡು ತುದಿಗಳಲ್ಲಿ.

ಮೊದಲ ತುದಿ ಜೆ.ಸಿ. ರಸ್ತೆ. ಹಗಲಲ್ಲಿ ಕಾಲಿಡಲು ಜಾಗವಿಲ್ಲದ ಈ ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳು ಷಟರ್ ಎಳೆದ ಮೇಲೆ ಫುಟ್‌ಪಾತಿನಲ್ಲಿ ಉಳಿಯುವುದು ಕತ್ತಲು. ಗಾಡಿಗಳು ಓಡುತ್ತಿರುತ್ತವೆ ನಿಜ, ಆದರೆ ಓಡುವ ಗಾಡಿ ಯಾರಿಗೂ ಸಾಕ್ಷಿಯಲ್ಲ. ಹಾಗಾಗಿ ನಾಟಕ ಬಿಟ್ಟ ಗುಂಪು ಕರಗುವ ಮೊದಲೇ, ಅದೇ ದಿಕ್ಕಿಗೆ ಹೋಗುವವರ ಜೊತೆ ನಿಲ್ದಾಣ ಸೇರಿಕೊಳ್ಳಬೇಕು. ಜೊತೆ ಸಿಗದಿದ್ದರೆ ಅಷ್ಟು ದೂರಕ್ಕೆ ಮಾತ್ರ ಆಟೋ.

ಎರಡನೆಯ ತುದಿ ಮನೆಯ ಹತ್ತಿರದ ಅರ್ಧ ಕಿಲೋಮೀಟರ್. ನಕ್ಷೆ ತೋರುವ ಆರು ನಿಮಿಷದ ದಾರಿ ಪಾರ್ಕಿನ ಉದ್ದ ಕಾಂಪೌಂಡಿನ ಪಕ್ಕದ್ದು ಎಂದಿಟ್ಟುಕೊಳ್ಳಿ. ಒಮ್ಮೆ ಹೊಕ್ಕರೆ ಇನ್ನೊಂದು ತುದಿಯವರೆಗೆ ತಿರುಗಲು ಅಡ್ಡರಸ್ತೆಯಿಲ್ಲ, ತಟ್ಟಲು ಬಾಗಿಲಿಲ್ಲ. ಹತ್ತು ನಿಮಿಷದ ಸುತ್ತುದಾರಿಯಲ್ಲಿ ಮೆಡಿಕಲ್ ಸ್ಟೋರ್ ಇದೆ, ಪಾತ್ರೆ ತೊಳೆಯುತ್ತಿರುವ ದರ್ಶಿನಿ ಇದೆ, ಜಗಲಿಯಲ್ಲಿ ಕೂತ ಅಜ್ಜಿ ಇದ್ದಾರೆ. ನಾನು ಆರಿಸುವುದು ಎರಡನೆಯದನ್ನೇ. ಜನ ಇದ್ದರೆ ಸಾಕೆಂದೂ ಅಲ್ಲ. ಬಾರಿನ ಮುಂದಿನ ಗುಂಪೂ ಜನವೇ. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಹೆಂಗಸರು, ಮಕ್ಕಳು ನಿಂತು ಮಾತಾಡುತ್ತಾರೆಯೇ ಎಂಬುದು ನನ್ನ ಅಳತೆಗೋಲು. ಅದನ್ನು ಹಗಲಲ್ಲಿ ನೋಡಿ ಪ್ರಯೋಜನವಿಲ್ಲ. ಎಂಟು ಗಂಟೆಯ ಬೀದಿಯೇ ಬೇರೆ, ಅಂಗಡಿಗಳು ಮುಚ್ಚಿದ ಹತ್ತು ಗಂಟೆಯ ಬೀದಿಯೇ ಬೇರೆ, ಭಾನುವಾರದ ಹತ್ತು ಗಂಟೆ ಮತ್ತೂ ಬೇರೆ. ಹೊಸ ಪಿಜಿಗೆ ಬಂದವರು ಗೆಳತಿಯೊಬ್ಬಳನ್ನು ಕರೆದುಕೊಂಡು ಅದೇ ಹೊತ್ತಿನಲ್ಲಿ ಒಮ್ಮೆ ನಡೆದು ನೋಡುವುದು ಒಳ್ಳೆಯದು.

ಇಷ್ಟೆಲ್ಲ ಲೆಕ್ಕ ಹಾಕಬೇಕಾದದ್ದು ಅವಳೊಬ್ಬಳೇ ಏಕೆ ಎಂಬುದೇ ನನ್ನ ಜಗಳ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳ ಟಿಕೆಟ್ ಉಚಿತವಾಯಿತು. ಅದು ದೊಡ್ಡ ಮಾತು. ಆದರೆ ಉಚಿತ ಟಿಕೆಟ್ ಸ್ಟಾಪಿನವರೆಗೆ ಮಾತ್ರ. ಸ್ಟಾಪಿನಿಂದ ಮನೆಗೆ ಹೋಗುವ ರಸ್ತೆಯ ದೀಪ ಕೆಟ್ಟಿದ್ದರೆ ಆ ಟಿಕೆಟ್ಟಿನ ಅರ್ಧ ಬೆಲೆ ಅಲ್ಲೇ ಹೋಯಿತು. ಬೀದಿಬದಿ ವ್ಯಾಪಾರಿಯನ್ನು ಎಬ್ಬಿಸಿ ಫುಟ್‌ಪಾತ್ ಸ್ವಚ್ಛ ಮಾಡಿದೆವೆಂದು ಬೀಗುವವರು, ಅಲ್ಲಿ ರಾತ್ರಿ ಹತ್ತರವರೆಗೆ ಉರಿಯುತ್ತಿದ್ದ ಒಂದು ಬಲ್ಬನ್ನೂ ನೋಡುತ್ತಿದ್ದ ಎರಡು ಕಣ್ಣುಗಳನ್ನೂ ಎಬ್ಬಿಸಿದ್ದಾರೆ. ಬೇಗ ಮನೆಗೆ ಬಾ ಎಂದು ಮಗಳಿಗೆ ಹೇಳುವ ಅಪ್ಪ, ತನ್ನ ಬೀದಿಯ ದೀಪ ಕೆಟ್ಟಿದೆಯೆಂದು ಪಾಲಿಕೆಗೆ ಒಂದು ದೂರು ಬರೆದಿದ್ದಾರೆಯೇ? ಗೇಟಿನ ಮುಂದಿನ ದೀಪವನ್ನು ಹನ್ನೊಂದರವರೆಗೆ ಉರಿಯಬಿಟ್ಟಿದ್ದಾರೆಯೇ? ಅವರ ಮಗಳಲ್ಲದಿದ್ದರೂ ಆ ಹೊತ್ತಿನಲ್ಲಿ ಆ ಬೀದಿಯಲ್ಲಿ ಇನ್ನಾರದೋ ಮಗಳು ನಡೆದು ಬರುತ್ತಿರುತ್ತಾಳೆ.