ಉಳಿಸಿದ್ದು ಯಾವ ತೆರಿಗೆ ಸ್ವಾಮಿ?

ಮಾರ್ಚ್ ಬಂತೆಂದರೆ ನಮ್ಮ ಟೀಮಿನಲ್ಲಿ ಒಂದೇ ಮಂತ್ರ: "ನಷ್ಟದಲ್ಲಿರೋ ಷೇರು ಮಾರು, ಮಾರನೇ ದಿನ ವಾಪಸ್ ತಗೋ, ಟ್ಯಾಕ್ಸ್ ಉಳಿಯುತ್ತೆ." ಇದಕ್ಕೆ ಟ್ಯಾಕ್ಸ್ ಲಾಸ್ ಹಾರ್ವೆಸ್ಟಿಂಗ್ ಅಂತ ಹೆಸರು. ನಷ್ಟವನ್ನೇ ಬೆಳೆಯಂತೆ ಕೊಯ್ಯೋದು! 2025ರ ಮಾರ್ಚಿನಲ್ಲಿ ನಾನೂ ಕೊಯ್ದೆ. ಕೈಗೆ ಬಂದದ್ದು ಬರೀ ಹೊಟ್ಟು.

ಆ ವರ್ಷ ಮ್ಯೂಚುವಲ್ ಫಂಡ್ ಮಾರಿ ನನಗೆ 1 ಲಕ್ಷ ಲಾಭ ಬಂದಿತ್ತು. ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದ ಈಕ್ವಿಟಿ ಫಂಡ್, ಅಂದರೆ ದೀರ್ಘಾವಧಿ ಲಾಭ. ಇನ್ನೊಂದು ಕಡೆ, 2 ಲಕ್ಷಕ್ಕೆ ಕೊಂಡು ಮೂರು ವರ್ಷವಾಗಿದ್ದ ಷೇರು 1,40,000ಕ್ಕೆ ಇಳಿದಿತ್ತು. ಮಾರಿದೆ. ಲಾಭದಲ್ಲಿ 60,000 ನಷ್ಟ ಕಳೆದು 40,000 ಉಳಿಯಿತು. ಶೇ. 12.5ರ ಲೆಕ್ಕದಲ್ಲಿ 7,500 ರೂಪಾಯಿ ಉಳಿಸಿದೆ ಅಂತ ಬೀಗಿದೆ.

ಎಲ್ಲಿ ಉಳಿಸಿದೆ? ಲಿಸ್ಟೆಡ್ ಷೇರು, ಈಕ್ವಿಟಿ ಫಂಡುಗಳ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯೇ ಇಲ್ಲ! ನನ್ನ ತೆರಿಗೆ ಮೊದಲೇ ಸೊನ್ನೆ. ಆದರೆ ಕಾನೂನು ಮೊದಲು ನಷ್ಟ ಕಳೆಯುತ್ತದೆ, ಆಮೇಲೆ ವಿನಾಯಿತಿ ಕೊಡುತ್ತದೆ. "ಈ ನಷ್ಟ ಮುಂದಿನ ವರ್ಷಕ್ಕಿರಲಿ" ಅನ್ನುವ ಹಾಗಿಲ್ಲ. 60,000 ನಷ್ಟ ಸುಮ್ಮನೆ ಕರಗಿಹೋಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಷೇರನ್ನು ಮಾರನೇ ದಿನ 1,40,000ಕ್ಕೇ ವಾಪಸ್ ಕೊಂಡೆ. ಅದು ಮತ್ತೆ 2 ಲಕ್ಷ ಮುಟ್ಟಿದಾಗ ಮಾರಿದರೆ ನನ್ನ ಜೇಬಿಗೆ ಒಂದು ರೂಪಾಯಿ ಲಾಭವಿಲ್ಲ, ಆದರೆ ಲೆಕ್ಕದಲ್ಲಿ 60,000 ಲಾಭ! ವರ್ಷದೊಳಗೆ ಮಾರಿದರೆ ಶೇ. 20, ಅಂದರೆ 12,000 ತೆರಿಗೆ, ಸೆಸ್ ಬೇರೆ.

ಹಾಗಾದರೆ ಇದೆಲ್ಲ ಮೋಸವಾ? ಅಲ್ಲ. ವರ್ಷದೊಳಗೆ ಮಾರಿ 80,000 ಅಲ್ಪಾವಧಿ ಲಾಭ ಮಾಡಿದ್ದೀರಿ ಅನ್ನಿ, ತೆರಿಗೆ 16,000. ಹಾಗೇ ವರ್ಷವಾಗದ ಇನ್ನೊಂದು ಷೇರಿನಲ್ಲಿ 50,000 ನಷ್ಟವಿದ್ದರೆ, ಅದನ್ನು ಮಾರಿ, ತೆರಿಗೆ 6,000ಕ್ಕೆ ಇಳಿಯುತ್ತದೆ. ಇದು ನಿಜವಾದ ಕೊಯ್ಲು. ಆದರೆ ವಾಪಸ್ ಕೊಂಡರೆ ಇಲ್ಲೂ ಖರೀದಿ ಬೆಲೆ ಕೆಳಗಿಳಿಯುತ್ತದೆ. ಹಾಗಾಗಿ ಆ 10,000ದಲ್ಲಿ ಒಂದು ಪಾಲು ಉಳಿತಾಯವಲ್ಲ, ಮುಂದೂಡಿದ ಸಾಲ.

ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭದಲ್ಲಿ ಕಳೆಯಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ. ಸಂಬಳದಲ್ಲಿ ಎರಡನ್ನೂ ಕಳೆಯುವ ಹಾಗಿಲ್ಲ. ಮಿಕ್ಕ ನಷ್ಟ 8 ವರ್ಷ ಬದುಕುತ್ತದೆ, ಆದರೆ ರಿಟರ್ನ್ ಗಡುವಿನೊಳಗೆ ಹಾಕಿದರೆ ಮಾತ್ರ. ಮಾರಿದ ದಿನವೇ ವಾಪಸ್ ಕೊಂಡರೆ ಇಂಟ್ರಾಡೇ ವ್ಯವಹಾರವಾಗಿ ಲೆಕ್ಕವೇ ಕೆಡುತ್ತದೆ.

ಮುಂದಿನ ಮಾರ್ಚಿನಲ್ಲಿ ಯಾರಾದರೂ ಈ ಮಂತ್ರ ಹೇಳಿದರೆ ಒಂದೇ ಪ್ರಶ್ನೆ ಕೇಳಿ: "ಮಾರದಿದ್ದರೆ ನನ್ನ ತೆರಿಗೆ ಎಷ್ಟು?" ಉತ್ತರ ಸೊನ್ನೆಯಾದರೆ ಕುಡುಗೋಲು ಕೆಳಗಿಡಿ. ನಾನು ಕೇಳಲಿಲ್ಲ, ನೀವಾದರೂ ಕೇಳಿ :)