ಮೊದಲ ದಿನದ ಪರಿಚಯಪತ್ರ: ಅಳುಕಿನ ಹೊರೆ ಯಾರದು?

ಹೊರದೇಶದ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದವರು ಮೊದಲ ದಿನ ಸಹೋದ್ಯೋಗಿಗಳಿಗೆ ಬರೆಯುವ ಪರಿಚಯಪತ್ರವು ಅಳುಕಿನಿಂದ ತುಂಬಿದ್ದರೆ ಅದನ್ನು ತಿದ್ದಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ತಿದ್ದುವುದೆಂದರೆ ಏನು ಮಾಡುವುದು ಎಂಬಲ್ಲಿ ಸಲಹೆಗಾರರು ಸಾಮಾನ್ಯವಾಗಿ ದಾರಿ ತಪ್ಪಿಸುತ್ತಾರೆ. ಕ್ಷಮೆ ಕೇಳುವ ಮಾತುಗಳನ್ನು ಅಳಿಸಿ, ಆ ಜಾಗದಲ್ಲಿ ಉತ್ಸಾಹ, ಪರಿಣತಿ, ಸಾಮರ್ಥ್ಯ ಎಂಬಂಥ ದೊಡ್ಡ ಪದಗಳನ್ನು ತುಂಬಿದರೆ ಪತ್ರಕ್ಕೆ ಆತ್ಮವಿಶ್ವಾಸ ಬಂದೀತೆಂಬ ನಂಬಿಕೆ ವ್ಯಾಪಕವಾಗಿದೆ. ಈ ಪ್ರಬಂಧದ ವಾದ ಬೇರೆ. ಅಳುಕಿನ ಪತ್ರದ ದೋಷವು ಅದರ ಧ್ವನಿಗಿಂತ ಹೆಚ್ಚಾಗಿ ಅದು ಓದುಗನಿಂದ ಏನನ್ನು ಕೇಳುತ್ತದೆ ಎಂಬುದರಲ್ಲಿದೆ. ಅಂಥ ಪತ್ರ ಅಪರಿಚಿತ ಓದುಗನ ಮೇಲೆ ಸಮಾಧಾನ ಹೇಳುವ ಕೆಲಸವನ್ನು ಹೊರಿಸುತ್ತದೆ, ನಿರಾಳವಾದ ಪತ್ರ ಓದುಗನ ಕೆಲಸವನ್ನು ಹಗುರ ಮಾಡುತ್ತದೆ.

ಚರ್ಚೆಗೆ ಒಂದು ಕಲ್ಪಿತ ಪ್ರಸಂಗವನ್ನು ಆಧಾರವಾಗಿಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕಾರಿನ ಬ್ರೇಕ್ ನಿಯಂತ್ರಿಸುವ ತಂತ್ರಾಂಶವನ್ನು ಪರೀಕ್ಷಿಸಿದ ಅನುಭವವಿರುವ, ಸುಮಾ ಎಂಬ ಹೆಸರಿನ ಎಂಜಿನಿಯರ್ ಒಬ್ಬರು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಕಚೇರಿಗೆ ಸೇರುತ್ತಾರೆ. ಕಚೇರಿಯ ಸಭೆಗಳು ಇಂಗ್ಲಿಷಿನಲ್ಲಿಯೂ ಹರಟೆ ಜರ್ಮನ್ನಿನಲ್ಲಿಯೂ ನಡೆಯುತ್ತವೆ. ಅವರು ತಂಡಕ್ಕೆ ಇಂಗ್ಲಿಷಿನಲ್ಲಿ ಬರೆದ ಮೊದಲ ಕರಡಿನ ಕನ್ನಡ ರೂಪ ಹೀಗಿದೆ:

“ಗೌರವಾನ್ವಿತ ಎಲ್ಲರಿಗೂ ನಮಸ್ಕಾರಗಳು. ನಿಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಹೆಸರು ಸುಮಾ, ಇಂದಿನಿಂದ ನಿಮ್ಮ ತಂಡಕ್ಕೆ ಸೇರುತ್ತಿದ್ದೇನೆ. ಇಂಥ ದೊಡ್ಡ ಸಂಸ್ಥೆಯಲ್ಲಿ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ. ಬೆಂಗಳೂರಿನಲ್ಲಿ ಕೇವಲ ನಾಲ್ಕು ವರ್ಷ ಬ್ರೇಕ್ ತಂತ್ರಾಂಶದ ಪರೀಕ್ಷೆ ಮಾಡಿದ್ದೇನೆ, ಇಲ್ಲಿನ ಮಟ್ಟಕ್ಕೆ ಅದು ಏನೂ ಅಲ್ಲವೆಂದು ಗೊತ್ತಿದೆ. ನನ್ನ ಜರ್ಮನ್ ತುಂಬ ಕೆಟ್ಟದಾಗಿದೆ, ಇಂಗ್ಲಿಷಿನಲ್ಲೂ ತಪ್ಪುಗಳಾದರೆ ದಯವಿಟ್ಟು ಕ್ಷಮಿಸಿ. ಯಾರಿಗೂ ತೊಂದರೆಯಾಗದಂತೆ ಬೇಗ ಕಲಿಯಲು ಕೈಲಾದಷ್ಟು ಪ್ರಯತ್ನಿಸುತ್ತೇನೆ. ನಿಮ್ಮೆಲ್ಲರ ಸಹಕಾರ, ಮಾರ್ಗದರ್ಶನಗಳನ್ನು ಬೇಡುತ್ತೇನೆ.”

ಈ ಕರಡಿನಲ್ಲಿ ಸುಳ್ಳು ಇಲ್ಲ, ಅಸಭ್ಯತೆಯೂ ಇಲ್ಲ. ಹಾಗಿದ್ದರೂ ಇದನ್ನು ಓದಿ ಮುಗಿಸಿದ ಸಹೋದ್ಯೋಗಿಗೆ ಸುಮಾ ನಾಳೆಯಿಂದ ಯಾವ ಕೆಲಸ ಮಾಡುತ್ತಾರೆ, ಯಾವ ವಿಷಯಕ್ಕೆ ಅವರನ್ನು ಹುಡುಕಿಕೊಂಡು ಹೋಗಬಹುದು, ಅವರೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದೊಂದೂ ತಿಳಿಯುವುದಿಲ್ಲ. ತಿಳಿಯುವುದು ಅವರು ಹೆದರಿದ್ದಾರೆ ಎಂಬುದಷ್ಟೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ‘ಮುಖ’ ಎಂಬ ಪರಿಕಲ್ಪನೆಯನ್ನು ವಿವರಿಸಿದ್ದಾರೆ: ನಾಲ್ಕು ಜನರ ನಡುವೆ ವ್ಯಕ್ತಿಯೊಬ್ಬ ತನಗಾಗಿ ಕೋರುವ ಗೌರವದ ಚಿತ್ರವೇ ಮುಖ, ಮತ್ತು ಮಾತುಕತೆಯಲ್ಲಿ ತೊಡಗಿದವರು ತಮ್ಮ ಮುಖವನ್ನಷ್ಟೇ ಅಲ್ಲದೆ ಎದುರಿನವರ ಮುಖವನ್ನೂ ಉಳಿಸಲು ದುಡಿಯುತ್ತಾರೆ. ಸುಮಾ ತಮ್ಮ ಮುಖವನ್ನು ತಾವೇ ಕೆಳಗಿಳಿಸಿದಾಗ ಅದನ್ನು ಮೇಲೆತ್ತುವ ಹೊಣೆ ಓದುಗನದಾಗುತ್ತದೆ. ಅವನು ‘ಇಲ್ಲ, ನಿಮ್ಮ ಇಂಗ್ಲಿಷ್ ಚೆನ್ನಾಗಿಯೇ ಇದೆ’ ಎಂದು ಉತ್ತರಿಸಬೇಕು, ಇಲ್ಲವೆ ಸುಮ್ಮನಿದ್ದು ಆ ಹೀನಾಯವನ್ನು ಒಪ್ಪಿಕೊಂಡಂತೆ ಕಾಣಬೇಕು. ಇನ್ನೂ ಮುಖ ನೋಡದ ಹದಿನೈದು ಮಂದಿಗೆ ಒಮ್ಮೆಗೇ ಇಂಥ ಇಕ್ಕಟ್ಟನ್ನು ತಂದೊಡ್ಡುವುದು, ತೊಂದರೆ ಕೊಡಬಾರದೆಂದೇ ಬರೆದ ಪತ್ರದ ವಿಪರ್ಯಾಸ.

ಹಾಗೆಂದು ಅಳುಕನ್ನು ಕೇವಲ ಮನೋದೌರ್ಬಲ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜರ್ಮನಿಯ ನಾಗರಿಕ ಸಂಹಿತೆಯ ಪ್ರಕಾರ ಉದ್ಯೋಗದ ಆರಂಭದಲ್ಲಿ ಗರಿಷ್ಠ 6 ತಿಂಗಳ ಪರೀಕ್ಷಾ ಅವಧಿಯನ್ನು ಗೊತ್ತುಮಾಡಬಹುದು, ಆ ಅವಧಿಯಲ್ಲಿ 2 ವಾರಗಳ ಸೂಚನೆ ಕೊಟ್ಟು ಕೆಲಸದಿಂದ ತೆಗೆಯಬಹುದು. ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿರುವ ವಿದೇಶಿಗನಿಗೆ ಈ ಅವಧಿ ಸ್ಥಳೀಯನಿಗಿಂತ ಭಾರವಾಗಿ ಕಾಣುವುದು ಸಹಜ. ಜೊತೆಗೆ ಆತ್ಮನಿಂದೆಯ ಮಾತುಗಳು ಹುಟ್ಟಿದ್ದು ಭಯದಿಂದ ಮಾತ್ರವಲ್ಲ, ರೂಢಿಯಿಂದ ಕೂಡ. ಕರ್ನಾಟಕದ ಕಚೇರಿಗಳಲ್ಲಿ ಮೇಲಿನವರನ್ನು ‘ಸರ್’, ‘ಮೇಡಂ’ ಎಂದು ಕರೆದು, ಮಾರ್ಗದರ್ಶನ ಕೋರಿ, ತಾನಿನ್ನೂ ಚಿಕ್ಕವನೆಂದು ಹೇಳಿಕೊಳ್ಳುವುದು ಸಂಸ್ಕಾರದ ಗುರುತು. ಅಲ್ಲಿ ಯಾರೂ ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಭಾಷಾಶಾಸ್ತ್ರಜ್ಞೆ ಜೆನ್ನಿ ಥಾಮಸ್ 1983ರ ತಮ್ಮ ಪ್ರಬಂಧದಲ್ಲಿ, ವ್ಯಾಕರಣ ಸರಿಯಿದ್ದೂ ಮಾತಿನ ಉದ್ದೇಶ ಇನ್ನೊಂದು ಸಂಸ್ಕೃತಿಯ ಕೇಳುಗನಿಗೆ ತಪ್ಪಾಗಿ ತಲುಪುವುದನ್ನು ‘ಬಳಕೆಯ ವೈಫಲ್ಯ’ ಎಂಬರ್ಥದ ಹೆಸರಿನಿಂದ ಗುರುತಿಸಿದರು. ವ್ಯಾಕರಣದ ತಪ್ಪನ್ನು ಕೇಳುಗ ಭಾಷೆಯ ಲೆಕ್ಕಕ್ಕೆ ಹಾಕಿ ಮನ್ನಿಸುತ್ತಾನೆ, ಬಳಕೆಯ ತಪ್ಪನ್ನು ವ್ಯಕ್ತಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ ಎಂಬ ಅವರ ಎಚ್ಚರಿಕೆ ಇಲ್ಲಿಗೆ ನೇರವಾಗಿ ಸಲ್ಲುತ್ತದೆ. ‘ಕೇವಲ ನಾಲ್ಕು ವರ್ಷ, ಅದು ಏನೂ ಅಲ್ಲ’ ಎಂದರೆ ಮಾತನ್ನು ಮುಖಬೆಲೆಗೆ ತೆಗೆದುಕೊಳ್ಳುವ ರೂಢಿಯುಳ್ಳ ಓದುಗ ಅದನ್ನು ವಿನಯವೆಂದು ತಿಳಿಯದೆ ಮಾಹಿತಿಯೆಂದೇ ತಿಳಿಯಬಹುದು.

ಆದ್ದರಿಂದ ತಿದ್ದುವವರು ಮೊದಲು ಕೇಳಬೇಕಾದ ಪ್ರಶ್ನೆ, ಪ್ರತಿಯೊಂದು ವಾಕ್ಯವೂ ಓದುಗನಿಗೆ ಏನನ್ನು ಕೊಡುತ್ತದೆ ಮತ್ತು ಅವನಿಂದ ಏನನ್ನು ಕೇಳುತ್ತದೆ ಎಂಬುದು. ಸಮಯಕ್ಕಾಗಿ ಕೇಳಿದ ಕ್ಷಮೆ ಏನನ್ನೂ ಕೊಡುವುದಿಲ್ಲ. ಚಿಕ್ಕ ಪತ್ರ ಬರೆಯುವುದೇ ಸಮಯಕ್ಕೆ ತೋರುವ ಮರ್ಯಾದೆ. ‘ಭಾಗ್ಯ’ ಎಂಬ ಮಾತು ನೇಮಕ ಮಾಡಿಕೊಂಡವರಿಗೆ ಸಲ್ಲಬೇಕಾದದ್ದು, ಪಕ್ಕದ ಮೇಜಿನವರಿಗಲ್ಲ. ‘ಕೇವಲ’ ಎಂಬ ಒಂದು ಪದ ಮಾತ್ರ ಕಳಚಿದರೆ ಅದರ ಹಿಂದೆ ಅಡಗಿದ್ದ, ಇಡೀ ಪತ್ರದ ಅತ್ಯಂತ ಬೆಲೆಯುಳ್ಳ ಸಂಗತಿ ಹೊರಬರುತ್ತದೆ. ಭಾಷೆಯ ಕುರಿತ ಕ್ಷಮೆಯಲ್ಲಿ ಮಾತ್ರ ಉಪಯುಕ್ತ ಸಂಗತಿಯೊಂದಿದೆ, ಆದರೆ ಅದು ತೀರ್ಪಿನ ರೂಪದಲ್ಲಿದೆ. ಯೂರೋಪಿನಲ್ಲಿ ಭಾಷಾಜ್ಞಾನವನ್ನು ಎ1ರಿಂದ ಸಿ2ರವರೆಗಿನ ಆರು ಮಟ್ಟಗಳಲ್ಲಿ ಅಳೆಯುವ ಕ್ರಮ ಬಳಕೆಯಲ್ಲಿದೆ. ‘ತುಂಬ ಕೆಟ್ಟದು’ ಎನ್ನುವ ಬದಲು ‘ಎ2 ಮಟ್ಟ’ ಎಂದರೆ, ದಿನಬಳಕೆಯ ಸರಳ ಮಾತು ಸಾಗುತ್ತದೆ, ತಾಂತ್ರಿಕ ಚರ್ಚೆ ಸಾಗುವುದಿಲ್ಲ ಎಂಬುದು ಓದುಗನಿಗೆ ಒಡನೆಯೇ ಅರ್ಥವಾಗುತ್ತದೆ. ಕೊನೆಯ ವಾಕ್ಯದ ‘ಸಹಕಾರ, ಮಾರ್ಗದರ್ಶನ’ಗಳು ಎಲ್ಲರನ್ನೂ ಉದ್ದೇಶಿಸಿದ್ದರಿಂದಲೇ ಯಾರನ್ನೂ ತಲುಪುವುದಿಲ್ಲ, ನಿರ್ದಿಷ್ಟವಾದ ಒಂದೇ ಕೋರಿಕೆಯಾದರೆ ಅದಕ್ಕೆ ಉತ್ತರಿಸಬಲ್ಲವನು ತಾನೇ ಮುಂದೆ ಬರುತ್ತಾನೆ.

ಕನ್ನಡಿಗರ ಪತ್ರಗಳಿಗೆ ಇನ್ನೊಂದು ತೊಡಕು ವಿಶೇಷವಾಗಿ ಅಂಟಿದೆ. ಊರಿನ ಹೆಸರು ಮತ್ತು ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಮುಂದಿಟ್ಟುಕೊಳ್ಳುವ ಪದ್ಧತಿಯವರ ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಕುಲನಾಮದ ಜಾಗಕ್ಕೋ ಮೊದಲ ಹೆಸರಿನ ಜಾಗಕ್ಕೋ ಬಂದು ಕೂರುತ್ತವೆ, ಕಚೇರಿಯ ಗಣಕ ವ್ಯವಸ್ಥೆ ಅದನ್ನೇ ಎತ್ತಿಕೊಳ್ಳುತ್ತದೆ. ಸಹೋದ್ಯೋಗಿಗಳು ತಿಂಗಳುಗಟ್ಟಲೆ ಒಬ್ಬರನ್ನು ಅವರ ತಂದೆಯ ಹೆಸರಿನಿಂದಲೋ ಹುಟ್ಟೂರಿನ ಹೆಸರಿನಿಂದಲೋ ಕರೆಯುತ್ತಿರುವುದು, ಸಂಕೋಚದಿಂದ ಅವರು ತಿದ್ದದೆ ಇರುವುದು ಹೊಸತೇನಲ್ಲ. ಕರೆಯಬೇಕಾದ ಹೆಸರನ್ನು ಮೊದಲ ದಿನವೇ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಎರಡೂ ಕಡೆಯವರ ಮುಜುಗರ ತಪ್ಪುತ್ತದೆ. ಜರ್ಮನ್ನಿನಲ್ಲಿ ಕನ್ನಡದ ನೀನು–ನೀವುಗಳಂತೆಯೇ ‘ಡು’, ‘ಜೀ’ ಎಂಬ ಎರಡು ಸಂಬೋಧನೆಗಳಿದ್ದು, ಎಷ್ಟೋ ತಂತ್ರಾಂಶ ತಂಡಗಳು ಮೊದಲನೆಯದನ್ನೂ ಹಳೆಯ ಶೈಲಿಯ ಕಚೇರಿಗಳು ಎರಡನೆಯದನ್ನೂ ಬಳಸುತ್ತವೆ. ವ್ಯವಸ್ಥಾಪಕರು ತಮ್ಮ ಪತ್ರಗಳಿಗೆ ಮೊದಲ ಹೆಸರಿನಿಂದ ಸಹಿ ಹಾಕುತ್ತಾರೋ ಕುಲನಾಮವನ್ನೂ ಸೇರಿಸುತ್ತಾರೋ ಎಂದು ನೋಡಿದರೆ ಅಲ್ಲಿಯ ವಾಡಿಕೆಯ ಸುಳಿವು ಸಿಗುತ್ತದೆ.

ಈ ವಿವೇಚನೆಯಿಂದ ಹೊಸದಾಗಿ ಬರೆದ ಪತ್ರ ಹೀಗಿರಬಹುದು:

“ಎಲ್ಲರಿಗೂ ನಮಸ್ಕಾರ. ನಾನು ಸುಮಾ, ಇಂದಿನಿಂದ ಬ್ರೇಕ್ ತಂಡದ ಪರೀಕ್ಷಾ ಎಂಜಿನಿಯರ್. ಪಟ್ಟಿಯಲ್ಲಿ ನನ್ನ ತಂದೆಯ ಹೆಸರು ಮೊದಲು ಕಾಣುತ್ತದೆ, ಸುಮಾ ಎಂದೇ ಕರೆಯಿರಿ. ಕಳೆದ ನಾಲ್ಕು ವರ್ಷ ಬೆಂಗಳೂರಿನಲ್ಲಿ ಇಂಥದೇ ತಂತ್ರಾಂಶವನ್ನು, ಮುಖ್ಯವಾಗಿ ಒದ್ದೆ ರಸ್ತೆಯಲ್ಲಿ ಗಾಲಿ ಜಾರುವ ಸಂದರ್ಭಗಳನ್ನು ಪರೀಕ್ಷಿಸುತ್ತಿದ್ದೆ. ಮೊದಲ ಎರಡು ವಾರ ಇಲ್ಲಿನ ಪರೀಕ್ಷಾ ಯಂತ್ರವನ್ನು ಕಲಿಯುತ್ತೇನೆ. ಅದನ್ನು ದಿನವೂ ಬಳಸುವವರು ಯಾರಾದರೂ ಈ ವಾರ ಒಂದು ಗಂಟೆ ಜೊತೆಗೆ ಕೂರಲು ಆದೀತೇ? ನನ್ನ ಜರ್ಮನ್ ಎ2 ಮಟ್ಟದ್ದು: ಕಾಫಿಯ ಹೊತ್ತಿಗೆ ಸಾಕು, ಸಭೆಗೆ ಇಂಗ್ಲಿಷ್ ಬೇಕು. ಗುರುವಾರ ಹತ್ತು ಗಂಟೆಗೆ ಅಡುಗೆಕೋಣೆಯಲ್ಲಿ ಕೇಕ್ ಇಟ್ಟಿರುತ್ತೇನೆ, ಬನ್ನಿ.”

ಕೇಕಿನ ಸಾಲು ಅಲಂಕಾರಕ್ಕಾಗಿ ಬಂದದ್ದಲ್ಲ. ಹೊಸಬರು ಮೊದಲ ವಾರಗಳಲ್ಲಿ ತಂಡದವರಿಗೆ ಏನಾದರೂ ತಿನ್ನಲು ತಂದಿಡುವ ‘ಐನ್‌ಶ್ಟಾಂಟ್’ ಎಂಬ ವಾಡಿಕೆ ಜರ್ಮನಿಯ ಕಚೇರಿಗಳಲ್ಲಿದೆ. ಅದನ್ನು ತಿಳಿದು ನಡೆದುಕೊಂಡವರು ಮಾರ್ಗದರ್ಶನ ಬೇಡುವ ಸ್ಥಾನದಿಂದ ಆತಿಥ್ಯ ಕೊಡುವ ಸ್ಥಾನಕ್ಕೆ ಬರುತ್ತಾರೆ. ಇನ್ನೂ ಗಮನಿಸಬೇಕಾದದ್ದು, ಈ ಪತ್ರದಲ್ಲಿ ಸುಮಾ ತಮ್ಮನ್ನು ಹೊಗಳಿಕೊಂಡಿಲ್ಲವೆಂಬುದು. ತಾನು ಕಲಿಯಬೇಕಾದವಳು ಎಂಬುದನ್ನೂ ಅವರು ಮುಚ್ಚಿಟ್ಟಿಲ್ಲ. ಕಲಿಯಬೇಕಾದದ್ದು ಯಾವುದು, ಎಷ್ಟು ದಿನದಲ್ಲಿ ಎಂದು ಹೇಳಿದ್ದರಿಂದ ಅದು ಕೊರತೆಯ ರೂಪ ಕಳೆದುಕೊಂಡು ಯೋಜನೆಯ ರೂಪ ಪಡೆದಿದೆ. ಒಳಗೆ ನಡುಗುತ್ತಿರುವವರು ಹೀಗೆ ಬರೆಯುವುದು ನಟನೆಯಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ: ಪತ್ರದ ಪ್ರತಿಯೊಂದು ಮಾತನ್ನೂ ವಾರದೊಳಗೆ ಯಾರು ಬೇಕಾದರೂ ಪರಿಶೀಲಿಸಬಹುದು. ‘ಸವಾಲುಗಳನ್ನು ಪ್ರೀತಿಸುವ ಕ್ರಿಯಾಶೀಲ ತಜ್ಞೆ’ ಎಂದು ಬರೆದಿದ್ದರೆ ಪರಿಶೀಲಿಸಲು ಏನೂ ಇರುತ್ತಿರಲಿಲ್ಲ, ಮೊದಲ ಎಡವಟ್ಟಿನಲ್ಲಿ ನಗೆಪಾಟಲಿಗೆ ಕಾರಣ ಮಾತ್ರ ಇರುತ್ತಿತ್ತು.

ತಿದ್ದುಪಡಿ ಫಲಿಸಿತೇ ಎಂಬುದನ್ನು ಬಂದ ಉತ್ತರಗಳೇ ತೋರಿಸುತ್ತವೆ. ಎಲ್ಲರೂ ‘ಚಿಂತಿಸಬೇಡಿ, ಎಲ್ಲ ಸರಿಹೋಗುತ್ತದೆ’ ಎಂದು ಬರೆದಿದ್ದರೆ ಪತ್ರ ಸಮಾಧಾನವನ್ನು ಕೇಳಿತ್ತೆಂದೇ ಅರ್ಥ. ‘ಮಂಗಳವಾರ ಮಧ್ಯಾಹ್ನ ಪ್ರಯೋಗಾಲಯಕ್ಕೆ ಬನ್ನಿ’ ಎಂದು ಒಬ್ಬರೇ ಬರೆದಿದ್ದರೂ ಅದು ತನ್ನ ಕೆಲಸ ಮಾಡಿದೆ.

ಈ ವಾದವನ್ನು ಎಲ್ಲ ದೇಶಗಳಿಗೂ ಹೊರಿಸುವಂತಿಲ್ಲ. ಜಪಾನಿನ ಕಚೇರಿಗಳಲ್ಲಿ ಹೊಸಬರು ‘ಜಿಕೊಶೋಕಾಯ್’ ಎಂಬ ಸ್ವಪರಿಚಯದಲ್ಲಿ ತಮಗೆ ತಿಳಿಯದ್ದು ಬಹಳವಿದೆ ಎಂದು ಹೇಳಿಕೊಂಡು, ‘ಯೊರೊಶಿಕು ಒನೆಗಾಯ್ ಶಿಮಸು’ ಎಂಬ, ಕೃಪೆಯಿರಲಿ ಎಂಬರ್ಥದ ಮಾತಿನಿಂದ ಮುಗಿಸುವುದು ವಾಡಿಕೆ. ಅಲ್ಲಿ ಅದು ಎಲ್ಲರೂ ಬಲ್ಲ ಸಿದ್ಧಸೂತ್ರವಾದ್ದರಿಂದ ಓದುಗನಿಗೆ ಹೊರೆಯಾಗುವುದಿಲ್ಲ, ಬಿಟ್ಟರೇ ಕೊರತೆಯಾಗಿ ಕಾಣುತ್ತದೆ. ಸ್ಟುಟ್‌ಗಾರ್ಟಿನ ಪತ್ರವನ್ನು ಹಾಗೆಯೇ ಟೋಕಿಯೋಗೆ ಕಳಿಸಿದರೆ ಆತ್ಮವಿಶ್ವಾಸವು ಒರಟುತನವಾಗಿ ಓದಿಸಿಕೊಂಡೀತು.

ಜರ್ಮನಿಯ ಪತ್ರದಲ್ಲಿಯೂ ನಿರಾಳತೆಯ ಹೆಸರಿನಲ್ಲಿ ಮುಚ್ಚಿಡಬಾರದ ಸಂಗತಿಯೊಂದಿದೆ. ಅಲ್ಲಿಯ ಕಾರ್ಮಿಕ ಸುರಕ್ಷತಾ ಕಾನೂನು, ಹೊಸಬರಿಗೆ ಕೆಲಸ ಆರಂಭಿಸುವ ಮೊದಲೇ ಅಪಾಯಗಳ ಬಗ್ಗೆ ತಿಳಿವಳಿಕೆ ಕೊಡುವ ಹೊಣೆಯನ್ನು ಉದ್ಯೋಗದಾತನ ಮೇಲೆ ಹೊರಿಸಿದೆ. ಗಾಲಿಗಳು ವೇಗವಾಗಿ ತಿರುಗುವ ಪರೀಕ್ಷಾಕೋಣೆಯಲ್ಲಿ ಆ ತಿಳಿವಳಿಕೆ ಎ2 ಮಟ್ಟಕ್ಕೆ ನಿಲುಕದ ಜರ್ಮನ್ನಿನಲ್ಲಿ ನಡೆದು, ಹೊಸಬರು ಸಂಕೋಚದಿಂದ ತಲೆಯಾಡಿಸಿ ಸಹಿ ಹಾಕಿದರೆ ಭಾಷೆಯ ಕೊರತೆ ಗಾಯಕ್ಕೆ ದಾರಿಯಾಗಬಹುದು. ಅದನ್ನು ತಂಡಕ್ಕೆಲ್ಲ ಕ್ಷಮೆಯ ರೂಪದಲ್ಲಿ ಹಂಚಬೇಕಾಗಿಲ್ಲ. ಪ್ರಯೋಗಾಲಯದ ಹೊಣೆ ಹೊತ್ತವರಿಗೆ ಅದೇ ಬೆಳಿಗ್ಗೆ ಪ್ರತ್ಯೇಕವಾಗಿ, ‘ಸುರಕ್ಷತಾ ಸೂಚನೆಗಳು ನನಗೆ ಇಂಗ್ಲಿಷಿನಲ್ಲಿ ಬೇಕು, ಅವು ಸಿಗುವವರೆಗೆ ಯಂತ್ರವನ್ನು ಮುಟ್ಟುವುದಿಲ್ಲ’ ಎಂದು ಎರಡು ಸಾಲು ಬರೆದರೆ ಸಾಕು.