ತ್ರೀಡಿ ಚಿತ್ರದಾಗಿನ ಆಕಳು ಆಡಿನಷ್ಟು ಇದ್ದರೆ, ಮನೆ ಲೆಕ್ಕವೂ ತಪ್ಪೇ



ಈಗ ನಮ್ಮ ಅರಸೀಕೆರೆ ಕಡೆ ಹೊಲದಾಗ ಮನೆ ಕಟ್ಟಿಸೋರು ಮೊದಲು ಒಂದು ತ್ರೀಡಿ ಚಿತ್ರ ಮಾಡಿಸ್ತಾರ. ಹೆಂಚಿನ ಮನೆ, ಮುಂದ ಬಾವಿ, ಮಗ್ಗುಲಿಗೆ ದನದ ಕೊಟ್ಟಿಗೆ, ನಾಲ್ಕಾರು ಮಾವಿನ ಗಿಡ. ನೋಡಿದ ಕೂಡಲೇ ಮನಸ್ಸು ತುಂಬುತ್ತದೆ, ಅಡ್ವಾನ್ಸ್ ಕೊಟ್ಟು ಬರ್ತಾರ. ನನ್ನ ಅಭಿಪ್ರಾಯ ಇಷ್ಟೇ: ಅಂಥ ಚಿತ್ರ ಬೇಡ ಅಂತಲ್ಲ, ಆದರೆ ಅಳತೆಗೆ ಬರೆಯದ ಚಿತ್ರಕ್ಕೆ ಒಂದು ರೂಪಾಯಿನೂ ಕೊಡಬಾರದು. ಯಾಕಂದ್ರ ಆ ಚಿತ್ರ ನೋಡಿಯೇ ನಾವು ಹೊಲದಾಗ ಎಷ್ಟು ಗುಂಟೆ ಬಿಡಬೇಕು ಅಂತ ತೀರ್ಮಾನ ಮಾಡೋದು.

ಅಳತೆ ಸರಿ ಐತೋ ಇಲ್ಲೋ ಅಂತ ನೋಡಾಕ ಇಂಜಿನಿಯರ್ ಆಗಬೇಕಿಲ್ಲ. ಒಂದು ಸ್ಕೇಲ್ ಪಟ್ಟಿ ಸಾಕು. ಸಮತಟ್ಟು ನೆಲದ ಮೇಲೆ ನಿಂತು ನೋಡಿದಂಗ ಬರೆದ ಚಿತ್ರದಾಗ, ದೂರದಲ್ಲಿ ನೆಲ ಮುಗಿಲು ಕೂಡೋ ಗೆರೆ ಇರುತ್ತದಲ್ಲ, ಅದು ನೋಡುವವನ ಕಣ್ಣಿನ ಎತ್ತರಕ್ಕೆ ಇರುತ್ತದೆ. ಕಣ್ಣು ನೆಲದಿಂದ ಐದಡಿ ಮೇಲಿದ್ದರೆ, ಹತ್ತಿರದ ವಸ್ತು ಇರಲಿ ದೂರದ್ದಿರಲಿ, ಆ ಗೆರೆ ಎಲ್ಲವನ್ನೂ ಐದಡಿಗೇ ಮುಟ್ಟುತ್ತದೆ. ಅಂದರೆ ಯಾವುದೇ ವಸ್ತುವಿನ ಬುಡದಿಂದ ಗೆರೆವರೆಗೆ ಎಷ್ಟು ಐತೋ, ಅದು ಅಲ್ಲಿಯ ಐದಡಿ. ದೂರದ ಗಿಡ ಸಣ್ಣದಾಗಿ ಕಾಣುತ್ತದೆ, ಆದರೆ ಅದರ ಐದಡಿನೂ ಅಷ್ಟೇ ಸಣ್ಣದಾಗಿರುತ್ತದೆ. ಹಂಗಾಗಿ ಅಳತೆ ತಪ್ಪೋದಿಲ್ಲ. ಗಿಡ ಅಡ್ಡ ಬಂದು ಗೆರೆ ಕಾಣದಿದ್ದರೆ, ಬರೆದವರಿಗೇ ಎಳೆದು ಕೊಡಾಕ ಹೇಳ್ರಿ. ಡ್ರೋನ್‌ನಿಂದ ನೋಡಿದಂಗ ಮಾಡಿದ ಚಿತ್ರದಾಗ ಈ ಲೆಕ್ಕ ಕಷ್ಟ. ಅದಕ್ಕ ನಿಂತು ನೋಡಿದಂಗ ಇರೋ ಚಿತ್ರನ ಕೇಳಬೇಕು.

ಹೋದ ತಿಂಗಳು ನಮ್ಮ ಸಂಬಂಧಿಕರೊಬ್ಬರು ಎರಡು ಎಕರೆ ಮೆಕ್ಕೆಜೋಳದ ಹೊಲಕ್ಕೆ ಮಾಡಿಸಿದ ಚಿತ್ರ ತಂದು ತೋರಿಸಿದರು. ಮೊದಲು ಬಾಗಿಲು ನೋಡಿದಿವಿ. ಬಾಗಿಲು ಏಳಡಿ, ಮನೆಯ ಕಟ್ಟೆ ಎರಡಡಿ. ಗೆರೆ ಬಾಗಿಲನ್ನ ಮೂರಡಿ ಹತ್ತಿರ ಮುಟ್ಟಿತ್ತು. ಕಟ್ಟೆ ಎರಡು, ಬಾಗಿಲಿಂದ ಮೂರು, ಒಟ್ಟು ಐದು. ಮನೆ ಸರಿ ಐತಿ.

ಆಮೇಲೆ ಕೊಟ್ಟಿಗೆ ಮುಂದಿನ ಆಕಳು. ಇದರ ಹೆಗಲು ಗೆರೆಯ ಅರ್ಧಕ್ಕೆ ಬಂದಿತ್ತು, ಅಂದರೆ ಎರಡೂವರೆ ಅಡಿ. ನಮ್ಮ ಆಕಳು ಎತ್ತಿನ ಹೆಗಲು ನಾಲ್ಕಡಿಯಿಂದ ನಾಲ್ಕೂವರೆ ಇರುತ್ತದೆ, ಗೆರೆಗಿಂತ ಸ್ವಲ್ಪವೇ ಕೆಳಗೆ ಬರಬೇಕಿತ್ತು. ಇದು ಆಡಿನ ಎತ್ತರ! ಆಡಿನಷ್ಟು ಆಕಳು ನಿಲ್ಲಿಸಿದ್ದಕ್ಕೇ ಕೊಟ್ಟಿಗೆ ದೊಡ್ಡದಾಗಿ ಕಂಡಿದ್ದು. ನಮಗೆ ಎದುರಾಗಿದ್ದ ಅದರ ಅಗಲವನ್ನ ಅದೇ ಜಾಗದ ಐದಡಿಯಿಂದ ಅಳೆದರೆ ಎರಡು ಪಟ್ಟು ಬಂತು, ಅಂದರೆ ಹತ್ತಡಿ. ನಾಲ್ಕು ದನಕ್ಕ ಹತ್ತಡಿ ಅಂದ್ರ ಒಂದಕ್ಕ ಎರಡೂವರೆ ಅಡಿ. ದನ ಮಲಗಬೇಕಂದ್ರ ಒಂದಕ್ಕ ನಾಲ್ಕಡಿ ಅಗಲ ಬೇಕು, ಹಂಗಾಗಿ ನಾಲ್ಕಕ್ಕ ಹದಿನಾರಡಿ. ಒಳಗಡೆ ಗೋದಲಿಗೆ ಎರಡಡಿ, ನಿಲ್ಲಾಕ ಐದೂವರೆ, ಗಂಜಲದ ಕಾಲುವೆಗೆ ಒಂದು, ಸಗಣಿ ಬಳಿಯೋರು ಓಡಾಡಾಕ ನಾಲ್ಕು, ಒಟ್ಟು ಹನ್ನೆರಡೂವರೆ ಅಡಿ. ಚಿತ್ರದಂಗ ಕಟ್ಟಿದ್ದರೆ ಎರಡು ದನ ಒಳಗ, ಎರಡು ಹೊರಗ.

ಬಾವಿದೂ ಇದೇ ಕಥಿ. ಚಿತ್ರದಾಗ ನಾಲ್ಕಡಿ ಬಾಯಿ, ಮೇಲೊಂದು ಪುಟ್ಟ ಚಾವಣಿ, ಹಗ್ಗ, ಕೊಡ. ಕುಡಿಯೋ ನೀರು ಸೇದೋ ಬಾವಿ ಅಂದ್ರ ಹಂಗ ಇರಬಹುದು. ಇವರು ಹೇಳಿದ್ದು ಹೊಲಕ್ಕ ನೀರು ಬಿಡೋ ತೆರೆದ ಬಾವಿ. ಅದಕ್ಕ ಇಪ್ಪತ್ತು ಅಡಿ ಬಾಯಿ ಬೇಕು, ಸುತ್ತ ಮಣ್ಣು ಕುಸಿಯದಂಗ ಜಾಗ ಬಿಡಬೇಕು. ಚಿತ್ರದಾಗ ತಿಪ್ಪೆ ಬರೆದೇ ಇರಲಿಲ್ಲ! ತಿಪ್ಪೆ ಬಾವಿಯಿಂದ ಕಡೇಪಕ್ಷ ಐವತ್ತಡಿ ದೂರ, ಇಳಿಜಾರಿನ ಕೆಳಗಡೆ ಇರಬೇಕು. ಇಲ್ಲಾಂದ್ರ ಅದರ ರಸ ಬಸಿದು ಬಾವಿಗೇ ಬರ್ತದ.

ಇನ್ನು ಮಾವು. ಚಿತ್ರದಾಗಿನ ಗಿಡ ಅಳೆದರೆ ಗೆರೆಯ ಐದು ಪಟ್ಟು, ಇಪ್ಪತ್ತೈದು ಅಡಿ. ಗೃಹಪ್ರವೇಶದ ದಿನ ಅಂಥ ಗಿಡ ಎಲ್ಲಿಂದ ಬರಬೇಕು? ಆ ವರ್ಷ ಇರೋದು ಸೊಂಟದೆತ್ತರದ ಕಸಿ ಸಸಿ. ಅದು ಹೋಗಲಿ, ಬುಡ ಗೋಡೆಯಿಂದ ಆರಡಿಗೆ ಇಟ್ಟಿದ್ದರು. ಬೆಳೆದ ಮಾವು ಬುಡದಿಂದ ಒಂದೊಂದು ಕಡೆಗೆ ಹದಿನೈದು ಅಡಿ ಹರಡುತ್ತದೆ. ಕೊಂಬೆ ಹೆಂಚಿನ ಮೇಲೆ ಬರ್ತದ, ಗಾಳಿಗೆ ಹೆಂಚು ಒಡೀತಾವ, ಎಲೆ ಸಿಕ್ಕೊಂಡು ಮಳೆ ನೀರು ಒಳಗ ಇಳೀತದ. ಬುಡ ಗೋಡೆಯಿಂದ ಇಪ್ಪತ್ತಡಿ ಆಚೆ ಇರಲೇಬೇಕು.

ಹೆಂಚನ್ನ ಎಣಿಸಿ ನೋಡ್ರಿ. ಮಂಗಳೂರು ಹೆಂಚು ಅಂದ್ರ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಾಗ ಕಾರ್ಖಾನೆ ಹಾಕಿ ಶುರು ಮಾಡಿದ ನಮೂನೆ, ಉದ್ದ ಸುಮಾರು ಹದಿನಾರು ಇಂಚು. ಒಂದರ ಮೇಲೊಂದು ಕೂತ ಮೇಲೆ ಒಂದು ಸಾಲಿಗೆ ಕಾಣೋದು ಹನ್ನೆರಡೂವರೆ ಇಂಚಿನ ಆಸುಪಾಸು, ರೀಪುಗಳ ಅಂತರ ಅಷ್ಟು. ಹದಿನಾರು ಅಡಿ ಇಳಿಜಾರಿಗೆ ಹದಿನೈದು ಸಾಲು ಬರಬೇಕು. ಇವರ ಚಿತ್ರದಾಗ ಏಳು ಸಾಲು ಇದ್ದವು! ಅಷ್ಟು ದೊಡ್ಡ ಹೆಂಚು ಯಾವ ಅಂಗಡಿಯಾಗೂ ಸಿಗೋದಿಲ್ಲ. ಚಿತ್ರ ನಂಬಿ ಹೆಂಚು ಎಣಿಸಿದರೆ ಅರ್ಧ ಹೆಂಚು ಕಡಿಮೆ ಬೀಳ್ತಾವ. ಹತ್ತಡಿಗೆ ಹತ್ತಡಿ ಚೌಕಕ್ಕ 140ರಿಂದ 150 ಹೆಂಚು ಅಂತ ಲೆಕ್ಕ ಇಟ್ಕೊಳ್ರಿ.

ಇಷ್ಟೆಲ್ಲಾ ಯಾಕ ಅಂದ್ರ ಗುಂಟೆ ಲೆಕ್ಕಕ್ಕ. ಒಂದು ಗುಂಟೆ ಅಂದ್ರ ಮೂವತ್ತಮೂರು ಅಡಿ ಚೌಕ. ಮಾವನ್ನ ಹತ್ತು ಮೀಟರ್ ಅಂತರಕ್ಕ ಹಚ್ಚಿದರೆ ಅದೂ ಮೂವತ್ತಮೂರು ಅಡಿ. ಅಂದರೆ ಒಂದು ಮಾವಿನ ಗಿಡಕ್ಕ ಒಂದು ಗುಂಟೆ. ಆರು ಮಾವಿಗೆ ಆರು ಗುಂಟೆ, ಮನೆ ಅಂಗಳಕ್ಕ ಎರಡು, ಬಾವಿಗೆ ಒಂದು, ಕೊಟ್ಟಿಗೆಗೆ ಒಂದು, ತಿಪ್ಪೆ ಬಣವಿಗೆ ಒಂದು, ಟ್ರಾಲಿ ತಿರುಗಾಕ ಒಂದು. ಒಟ್ಟು ಹನ್ನೆರಡು. ನಮ್ಮ ಸಂಬಂಧಿಕರು ಚಿತ್ರ ನೋಡಿ ಐದು ಗುಂಟೆ ಸಾಕು ಅಂದುಕೊಂಡಿದ್ದರು. ಎಂಬತ್ತು ಗುಂಟೆಯಾಗ ಹನ್ನೆರಡು ಹೋದರೆ ಬಿತ್ತಾಕ ಉಳಿಯೋದು ಅರವತ್ತೆಂಟು. ಸಾಲ ತೀರಿಸಬೇಕಾದ ಮೆಕ್ಕೆಜೋಳ ಬೆಳೆಯೋದು ಆ ಅರವತ್ತೆಂಟರಾಗ. ಅವರಿಗೆ ಮಾವು ಎರಡೇ ಸಾಕು ಅಂತ ನಾ ಹೇಳಿದೆ, ನಾಲ್ಕು ಗುಂಟೆ ಉಳೀತಾವ. ಅವರಿನ್ನೂ ಯೋಚನೆ ಮಾಡ್ತಿದ್ದಾರ.

ಬಣ್ಣ, ಮುಗಿಲು, ಹಾರೋ ಹಕ್ಕಿ ಹೆಂಗಾದ್ರೂ ಬರೀಲಿ, ನಮ್ಮ ತಕರಾರಿಲ್ಲ. ದುಡ್ಡು ಕೊಡೋ ಮೊದಲು ಮೂರು ಕೇಳ್ರಿ: ನಿಂತ ಒಬ್ಬ ಮನುಷ್ಯ ಮತ್ತು ನಿಜ ಅಳತೆಯ ಒಂದು ಎತ್ತು ಚಿತ್ರದಾಗ ಇರಬೇಕು. ಮಾವು ಸಸಿ ಇದ್ದಾಗಿನದೊಂದು, ಬೆಳೆದಾಗಿನದೊಂದು, ಎರಡು ಚಿತ್ರ ಬೇಕು. ಜೊತೆಗೆ ಮೇಲಿಂದ ನೋಡಿದಂಗ ಅಡಿ ಬರೆದ ಒಂದು ನಕ್ಷೆ ಬೇಕು. ಆ ನಕ್ಷೆ ಹಿಡ್ಕೊಂಡು ಹೊಲಕ್ಕ ಹೋಗಿ ಗೂಟ ಹೊಡೆದು ಹಗ್ಗ ಕಟ್ರಿ. ದನ, ಟ್ರಾಲಿ ತಂದು ತಿರುಗಿಸಿ ನೋಡ್ರಿ. ಅಲ್ಲಿ ಹಿಡಿಸಲಿಲ್ಲಂದ್ರ ಚಿತ್ರ ಬದಲಾಗಬೇಕು. ಪಾಯ ತೆಗೆದ ಮೇಲೆ ಹೊಲ ಹಿಗ್ಗೋದಿಲ್ಲ.